ಪಾಲುದಾರರ ಸಂಬಳ, ಬಡ್ಡಿ ಒಪ್ಪುವುದಿಲ್ಲ ಎಂದು ನೋಟಿಸ್ ಬಂದಾಗ: ಪಾಲುದಾರಿಕೆ ಪತ್ರವನ್ನು ಮುಂದಿಟ್ಟುಕೊಂಡು ಉತ್ತರ ಬರೆಯುವ ಕ್ರಮ

“ಪಾಲುದಾರಿಕೆ ಪತ್ರದಲ್ಲಿ ಸ್ಪಷ್ಟವಾದ ಷರತ್ತು ಇಲ್ಲದ ಕಾರಣ ಪಾಲುದಾರರಿಗೆ ಕೊಟ್ಟ ಸಂಬಳ ಮತ್ತು ಬಡ್ಡಿಯನ್ನು ಏಕೆ ಅಮಾನ್ಯ ಮಾಡಬಾರದು?” ಎಂದು ಕೇಳುವ ಆದಾಯ ತೆರಿಗೆ ನೋಟಿಸಿಗೆ ಹೇಗೆ ಉತ್ತರಿಸಬೇಕೆಂದು ಸಣ್ಣ ಸಂಸ್ಥೆಗಳನ್ನು ನಡೆಸುವ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹಣ ಕೊಟ್ಟಿದ್ದು ನಿಜ, ಬ್ಯಾಂಕ್ ದಾಖಲೆ ಇದೆ, ಪಾಲುದಾರರು ಅದರ ಮೇಲೆ ತೆರಿಗೆಯನ್ನೂ ಕಟ್ಟಿದ್ದಾರೆ. ಹಾಗಿರುವಾಗ ಇನ್ನೇನು ಬೇಕು ಎಂಬುದು ಹೆಚ್ಚಿನವರ ಪ್ರಶ್ನೆ. ಆದರೆ ನೋಟಿಸ್ ಕೇಳುತ್ತಿರುವುದು ಹಣ ಕೊಟ್ಟಿದ್ದೀರಾ ಎಂದಲ್ಲ. ಆ ಹಣವನ್ನು ಕೊಡಲು ಆ ವರ್ಷ ಜಾರಿಯಲ್ಲಿದ್ದ ಪಾಲುದಾರಿಕೆ ಪತ್ರ ಅಧಿಕಾರ ಕೊಟ್ಟಿತ್ತೇ ಎಂದು. ಆದ್ದರಿಂದ ನಿಮ್ಮ ಉತ್ತರವೂ ಪತ್ರದ ಪದಗಳಿಂದಲೇ ಹೊರಡಬೇಕು.

ಪಾಲುದಾರಿಕೆ ಪತ್ರವೆಂದರೆ ನಾವು ಡೀಡ್ ಎಂದು ಕರೆಯುವ, ಪಾಲುದಾರರೆಲ್ಲ ಸಹಿ ಮಾಡಿದ ಒಪ್ಪಂದ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ವ್ಯವಹಾರ ನೋಡಿಕೊಳ್ಳುವ ಪಾಲುದಾರನಿಗೆ ಸಂಬಳ ಕೇಳುವ ಹಕ್ಕೇ ಇಲ್ಲ. ಆದಾಯ ತೆರಿಗೆ ಕಾಯ್ದೆ, 1961ರ 40(ಬಿ) ಸೆಕ್ಷನ್ ಇದರ ಮೇಲೆ ಇನ್ನಷ್ಟು ಬಿಗಿ ಮಾಡುತ್ತದೆ. ಸಂಬಳ ದುಡಿಯುವ ಪಾಲುದಾರನಿಗೆ, ಅಂದರೆ ವ್ಯವಹಾರದಲ್ಲಿ ಸಕ್ರಿಯವಾಗಿ ತೊಡಗಿರುವ ವ್ಯಕ್ತಿಗೆ ಮಾತ್ರ ಸಲ್ಲಬೇಕು. ಸಂಬಳವಾಗಲಿ ಬಡ್ಡಿಯಾಗಲಿ ಪತ್ರದ ಅನುಮತಿಯಂತೆ ಮತ್ತು ಪತ್ರದ ಷರತ್ತಿನಂತೆಯೇ ಇರಬೇಕು. ಪತ್ರದ ದಿನಾಂಕಕ್ಕಿಂತ ಹಿಂದಿನ ಅವಧಿಗೆ ಸೇರಿರಬಾರದು. ಬಡ್ಡಿ ವರ್ಷಕ್ಕೆ ಶೇ. 12ರ ಸರಳ ಬಡ್ಡಿಯನ್ನು ಮೀರಬಾರದು; ಸಂಬಳ ‘ಬುಕ್ ಪ್ರಾಫಿಟ್’ ಆಧರಿಸಿದ ಮಿತಿಯನ್ನು ದಾಟಬಾರದು. ಬುಕ್ ಪ್ರಾಫಿಟ್ ಎಂದರೆ ತೆರಿಗೆ ನಿಯಮಗಳಂತೆ ಲೆಕ್ಕ ಹಾಕಿದ ನಿವ್ವಳ ಲಾಭಕ್ಕೆ, ಖರ್ಚಿನಲ್ಲಿ ತೋರಿಸಿದ ಪಾಲುದಾರರ ಸಂಬಳವನ್ನು ಮತ್ತೆ ಕೂಡಿಸಿ ಬರುವ ಮೊತ್ತ.

ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದರೂ, ಅದಕ್ಕಿಂತ ಹಿಂದಿನ ವರ್ಷಗಳ ನೋಟಿಸುಗಳಿಗೆ 1961ರ ಕಾಯ್ದೆಯೇ ಅನ್ವಯಿಸುವುದರಿಂದ ಇಲ್ಲಿ ಅದರ ಸೆಕ್ಷನ್‌ಗಳನ್ನೇ ಬಳಸಿದ್ದೇನೆ.

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಕೃಷಿ ಪಂಪ್‌ಸೆಟ್ ಮತ್ತು ಪೈಪ್ ಮಾರುವ ಸಂಸ್ಥೆ, ಮೂವರು ಪಾಲುದಾರರು. ಇಬ್ಬರು ಅಂಗಡಿ ನಡೆಸುತ್ತಾರೆ, ಮೂರನೆಯವರು ಬಂಡವಾಳ ಮಾತ್ರ ಹಾಕಿದ್ದಾರೆ. 2024-25ರ ಅಸೆಸ್‌ಮೆಂಟ್ ವರ್ಷದಲ್ಲಿ, ಅಂದರೆ 2023-24ರ ಲೆಕ್ಕಕ್ಕೆ, ಇಬ್ಬರು ದುಡಿಯುವ ಪಾಲುದಾರರಿಗೆ ತಲಾ 3,00,000 ರೂಪಾಯಿಯಂತೆ ಒಟ್ಟು 6,00,000 ರೂಪಾಯಿ ಸಂಬಳವನ್ನೂ ಮೂವರಿಗೂ ಸೇರಿ 2,40,000 ರೂಪಾಯಿ ಬಡ್ಡಿಯನ್ನೂ ಖರ್ಚು ಹಾಕಿದ್ದಾರೆ. ಇವೆರಡನ್ನೂ ಕಳೆದ ಮೇಲೆ ಉಳಿದ ಲಾಭ 3,20,000 ರೂಪಾಯಿ. ಅಧಿಕಾರಿ ಎರಡನ್ನೂ ಅಮಾನ್ಯ ಮಾಡಿದರೆ 8,40,000 ರೂಪಾಯಿ ಆದಾಯಕ್ಕೆ ಸೇರಿ, ಶೇ. 30ರ ತೆರಿಗೆ ಮತ್ತು ಅದರ ಮೇಲಿನ ಶೇ. 4ರ ಸೆಸ್ ಸೇರಿ 2,62,080 ರೂಪಾಯಿ ಹೆಚ್ಚುವರಿ ಬೀಳುತ್ತದೆ. ಇದರ ಮೇಲಿನ ಬಡ್ಡಿ ಬೇರೆ.

1. ಮೊದಲು ಗಡುವನ್ನು ಉಳಿಸಿಕೊಳ್ಳಿ

ಇ-ಫೈಲಿಂಗ್ ಪೋರ್ಟಲ್‌ನಲ್ಲಿ Pending Actions ಅಡಿಯ e-Proceedings ತೆರೆದು ನೋಟಿಸ್ ಯಾವ ಸೆಕ್ಷನ್‌ನಡಿ ಬಂದಿದೆ, ಉತ್ತರಕ್ಕೆ ಕೊನೆಯ ದಿನ ಯಾವುದು ಎಂದು ನೋಡಿ. 142(1) ನೋಟಿಸ್ ಮಾಹಿತಿ ಕೇಳುವ ಹಂತ. ಷೋಕಾಸ್ ನೋಟಿಸ್, ಅಂದರೆ ಇಷ್ಟು ಮೊತ್ತ ಸೇರಿಸಲು ಹೊರಟಿದ್ದೇವೆ, ಏಕೆ ಸೇರಿಸಬಾರದೆಂದು ಕಾರಣ ಕೊಡಿ ಎಂದು ಕೇಳುವ ನೋಟಿಸ್, ಆದೇಶಕ್ಕೆ ಮುಂಚಿನ ಕೊನೆಯ ಅವಕಾಶವಿದ್ದಂತೆ. ದಾಖಲೆ ಹುಡುಕಲು ಸಮಯ ಬೇಕಿದ್ದರೆ ಗಡುವು ಮುಗಿಯುವ ಮುನ್ನವೇ, ಕಾರಣ ಬರೆದು, ಪೋರ್ಟಲ್‌ನಲ್ಲಿಯೇ ಕಾಲಾವಕಾಶ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಉತ್ತರ ಕೊಡದೆ ಸುಮ್ಮನಿರುವುದು ಬೇರೆ ಪ್ರಕರಣಗಳಿಗಿಂತ ಇಲ್ಲಿ ಹೆಚ್ಚು ಅಪಾಯಕಾರಿ. ನೀವು ನೋಟಿಸುಗಳಿಗೆ ಸ್ಪಂದಿಸದೆ ಅಧಿಕಾರಿ 144ನೇ ಸೆಕ್ಷನ್‌ನಡಿ ತಮ್ಮ ಅಂದಾಜಿನಂತೆ ಆದೇಶ ಮಾಡುವ ಸ್ಥಿತಿ ಬಂದರೆ, 184(5)ನೇ ಸೆಕ್ಷನ್ ಪ್ರಕಾರ ಪಾಲುದಾರರ ಸಂಬಳ, ಬಡ್ಡಿ ಯಾವುದಕ್ಕೂ ಕಡಿತ ಸಿಗುವುದಿಲ್ಲ. ನಿಮ್ಮ ಪತ್ರದ ಷರತ್ತು ಎಷ್ಟೇ ಚೆನ್ನಾಗಿದ್ದರೂ ಆಗ ಅದು ಲೆಕ್ಕಕ್ಕೆ ಬರುವುದಿಲ್ಲ.

2. ಆ ವರ್ಷಕ್ಕೆ ಅನ್ವಯಿಸುವ ಪತ್ರವನ್ನು ಹುಡುಕಿ

ಸಂಸ್ಥೆ ಆರಂಭವಾದಾಗಿನ ಪತ್ರ, ಪಾಲುದಾರರು ಬದಲಾದಾಗ ಮಾಡಿದ ಪತ್ರ, ತಿದ್ದುಪಡಿ ಪತ್ರ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ. ನಮ್ಮ ಉದಾಹರಣೆಯ ವರ್ಷಕ್ಕೆ ಬೇಕಾದದ್ದು 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ ಜಾರಿಯಲ್ಲಿದ್ದ ಪತ್ರ. ವರ್ಷದ ನಡುವೆ ಪತ್ರ ಬದಲಾಗಿದ್ದರೆ ಎರಡು ಅವಧಿಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡಬೇಕಾಗುತ್ತದೆ. ಅಪ್ರಾಪ್ತರನ್ನು ಬಿಟ್ಟು ಎಲ್ಲ ಪಾಲುದಾರರೂ ದೃಢೀಕರಿಸಿ ಸಹಿ ಮಾಡಿದ ಪ್ರತಿಯನ್ನು ಲಗತ್ತಿಸಿ. 184ನೇ ಸೆಕ್ಷನ್ ಕೇಳುವುದು ಅಂಥ ಪ್ರತಿಯನ್ನೇ.

ಇಲ್ಲಿ ಕೆಲವರು ತಪ್ಪು ದಾರಿ ಹಿಡಿಯುತ್ತಾರೆ. ನೋಟಿಸ್ ಬಂದ ಮೇಲೆ ಹೊಸದಾಗಿ ತಿದ್ದುಪಡಿ ಪತ್ರ ಬರೆಸಿ “ಇದು 2023ರ ಏಪ್ರಿಲ್‌ನಿಂದಲೇ ಅನ್ವಯ” ಎಂದು ಸೇರಿಸುತ್ತಾರೆ. ಹಿಂದಿನ ಅವಧಿಯ ಪಾವತಿಗೆ ನಂತರದ ಪತ್ರ ಅಧಿಕಾರ ಕೊಡಲಾರದು ಎಂದು 40(ಬಿ) ನೇರವಾಗಿ ಹೇಳುವುದರಿಂದ ಅದರಿಂದ ಪ್ರಯೋಜನವಿಲ್ಲ. ಮೇಲಾಗಿ ಹಳೆಯ ಪತ್ರದಲ್ಲಿ ಷರತ್ತು ಇರಲಿಲ್ಲವೆಂದು ನೀವೇ ಒಪ್ಪಿಕೊಂಡಂತಾಗುತ್ತದೆ. ಪತ್ರಕ್ಕೆ ಹಿಂದಿನ ದಿನಾಂಕ ಹಾಕುವುದಂತೂ ಸುಳ್ಳು ದಾಖಲೆ ಸೃಷ್ಟಿಸಿದಂತೆ. ಇ-ಸ್ಟ್ಯಾಂಪ್ ಕಾಗದದಲ್ಲಿ ಅದು ಹುಟ್ಟಿದ ದಿನ, ಸಮಯ ಎರಡೂ ಇರುತ್ತವೆ. ತೆರಿಗೆಯ ಪ್ರಶ್ನೆಯನ್ನು ಕ್ರಿಮಿನಲ್ ಪ್ರಶ್ನೆಯಾಗಿ ಮಾಡಿಕೊಳ್ಳಬೇಡಿ.

3. ಷರತ್ತಿನ ಪದಗಳನ್ನು ಓದಿ, ನಿಮ್ಮದು ಯಾವ ಬಗೆಯೆಂದು ಗುರುತಿಸಿ

ಇಡೀ ಉತ್ತರದ ಬಲ ಇರುವುದು ಈ ಹಂತದಲ್ಲಿ. ಅಧಿಕಾರಿಗಳು ಸಾಮಾನ್ಯವಾಗಿ ಆಧರಿಸುವುದು ಕೇಂದ್ರ ನೇರ ತೆರಿಗೆ ಮಂಡಳಿಯ 1996ರ ಮಾರ್ಚ್ 25ರ 739ನೇ ಸುತ್ತೋಲೆಯನ್ನು. ಪತ್ರವು ಪ್ರತಿಯೊಬ್ಬ ದುಡಿಯುವ ಪಾಲುದಾರನಿಗೆ ಸಲ್ಲುವ ಸಂಬಳದ ಮೊತ್ತವನ್ನು ಹೇಳಿರಬೇಕು, ಇಲ್ಲವೇ ಆ ಮೊತ್ತವನ್ನು ಲೆಕ್ಕ ಹಾಕುವ ವಿಧಾನವನ್ನು ಹೇಳಿರಬೇಕು ಎಂಬುದು ಅದರ ಸಾರ. ‘ಇಲ್ಲವೇ’ ಎಂಬ ಪದವನ್ನು ಗಮನಿಸಿ. ಮೊತ್ತ ಬರೆದಿಲ್ಲ ಎಂದಷ್ಟೇ ಹೇಳಿ ನೋಟಿಸ್ ಕೊಟ್ಟಿದ್ದರೆ ಸುತ್ತೋಲೆಯ ಅರ್ಧ ಭಾಗವನ್ನು ಬಿಟ್ಟಂತಾಯಿತು.

ನಿಮ್ಮ ಷರತ್ತನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಸಂಸ್ಥೆಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬ ಗುಮಾಸ್ತನ ಕೈಗೆ ಪಾಲುದಾರಿಕೆ ಪತ್ರವನ್ನೂ ಲಾಭ-ನಷ್ಟದ ಪಟ್ಟಿಯನ್ನೂ ಕೊಟ್ಟರೆ, ಪಾಲುದಾರರನ್ನು ಕೇಳದೆಯೇ ಪ್ರತಿಯೊಬ್ಬರ ಸಂಬಳ ಎಷ್ಟೆಂದು ಅವನು ಹೇಳಬಲ್ಲನೇ? ಹೇಳಬಲ್ಲನಾದರೆ ಪತ್ರದಲ್ಲಿ ವಿಧಾನ ಇದೆ. ‘40(ಬಿ) ಸೆಕ್ಷನ್‌ನ ಗರಿಷ್ಠ ಮಿತಿಯಷ್ಟು ಸಂಬಳವನ್ನು ಇಬ್ಬರಿಗೂ ಸಮನಾಗಿ ಕೊಡತಕ್ಕದ್ದು’ ಎಂಬ ಷರತ್ತು ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ, ಏಕೆಂದರೆ ಸೂತ್ರ ಕಾಯ್ದೆಯಲ್ಲಿದೆ, ಹಂಚಿಕೆ ಪತ್ರದಲ್ಲಿದೆ. ಹಿಮಾಚಲ ಪ್ರದೇಶ ಹೈಕೋರ್ಟ್ ಅನಿಲ್ ಹಾರ್ಡ್‌ವೇರ್ ಸ್ಟೋರ್ (2010) ಮತ್ತು ದುರ್ಗಾ ದಾಸ್ ದೇವಕಿ ನಂದನ್ (2011) ಪ್ರಕರಣಗಳಲ್ಲಿ, ದೆಹಲಿ ಹೈಕೋರ್ಟ್ ವೈಶ್ ಅಸೋಸಿಯೇಟ್ಸ್ (2015) ಪ್ರಕರಣದಲ್ಲಿ ಇಂಥ ಷರತ್ತುಗಳನ್ನು ಸಂಸ್ಥೆಗಳ ಪರವಾಗಿ ಓದಿವೆ.

‘ಪಾಲುದಾರರು ಕಾಲಕಾಲಕ್ಕೆ ಪರಸ್ಪರ ಒಪ್ಪಿದಷ್ಟು ಸಂಬಳ’ ಎಂದಷ್ಟೇ ಇದ್ದರೆ ಆ ಗುಮಾಸ್ತ ಸೋಲುತ್ತಾನೆ. ದೆಹಲಿ ಹೈಕೋರ್ಟ್‌ನ ಸೂದ್ ಬ್ರಿಜ್ ಅಂಡ್ ಅಸೋಸಿಯೇಟ್ಸ್ (2011) ತೀರ್ಪು ಇಂಥ ಷರತ್ತಿಗೆ ವಿರುದ್ಧವಾಗಿದೆ. ಆ ತೀರ್ಪು ಇಲ್ಲವೆಂಬಂತೆ ಬರೆಯಬೇಡಿ; ಅಧಿಕಾರಿಗೆ ಅದು ಗೊತ್ತಿರುತ್ತದೆ. ನಿಮ್ಮ ಷರತ್ತು ಅದಕ್ಕಿಂತ ಹೇಗೆ ಭಿನ್ನವೆಂದು ತೋರಿಸಲು ಸಾಧ್ಯವಿದ್ದರೆ ತೋರಿಸಿ. ಆ ವರ್ಷಕ್ಕೆ ಮುಂಚೆಯೇ ಮೊತ್ತವನ್ನು ನಿಗದಿಪಡಿಸಿ ಎಲ್ಲ ಪಾಲುದಾರರೂ ಸಹಿ ಮಾಡಿದ ಪೂರಕ ಪತ್ರ ಇದ್ದರೆ ಅದೇ ನಿಮ್ಮ ಆಧಾರ. ಇವೆರಡೂ ಇಲ್ಲದಿದ್ದರೆ ಸಂಬಳದ ವಾದ ದುರ್ಬಲವೆಂದು ತಿಳಿದು, ಮುಂದೆ ಹೇಳುವ 6ನೇ ಹಂತಕ್ಕೆ ಹೆಚ್ಚು ಗಮನ ಕೊಡಿ. ಪತ್ರದಲ್ಲಿ ಸಂಬಳದ ಮಾತೇ ಇಲ್ಲದಿದ್ದರೂ ಇದೇ ಸಲಹೆ. “ಹತ್ತು ವರ್ಷದಿಂದ ಹೀಗೆಯೇ ಕೊಡುತ್ತಿದ್ದೇವೆ” ಎಂಬ ರೂಢಿ ಪಾಲುದಾರರ ನಡುವಿನ ವ್ಯಾಜ್ಯದಲ್ಲಿ ಉಪಯೋಗಕ್ಕೆ ಬರಬಹುದು, 40(ಬಿ) ಕೇಳುವ ಲಿಖಿತ ಅಧಿಕಾರದ ಜಾಗವನ್ನು ಅದು ತುಂಬುವುದಿಲ್ಲ.

ಪತ್ರದಲ್ಲಿ ಸೂತ್ರ ಇದ್ದರೂ ಎಡವುವ ಒಂದು ಜಾಗವಿದೆ. ಅನೇಕ ಹಳೆಯ ಪತ್ರಗಳಲ್ಲಿ ಕಾಯ್ದೆಯ ಅಂದಿನ ಅಂಕಿಗಳನ್ನೇ ನಕಲು ಮಾಡಿರುತ್ತಾರೆ. ಕಾಯ್ದೆ ಆಮೇಲೆ ಮಿತಿ ಹೆಚ್ಚಿಸಿದರೂ ಪತ್ರದ ಅಂಕಿ ತಾನಾಗಿ ಹೆಚ್ಚುವುದಿಲ್ಲ. ಪತ್ರದ ಮಿತಿ ಮತ್ತು ಕಾಯ್ದೆಯ ಮಿತಿ ಎರಡರಲ್ಲಿ ಕಡಿಮೆ ಇರುವುದೇ ನಿಮಗೆ ದಕ್ಕುವುದು. 2025-26ರ ಅಸೆಸ್‌ಮೆಂಟ್ ವರ್ಷದಿಂದ ಸೂತ್ರದ ಮೊದಲ ಹಂತ 3,00,000ದಿಂದ 6,00,000 ರೂಪಾಯಿಗೆ ಏರಿರುವುದರಿಂದ ಈ ಸಮಸ್ಯೆ ಈಗ ಮತ್ತೆ ಬರಲಿದೆ.

4. ಸಂಬಳ ಮತ್ತು ಬಡ್ಡಿಯನ್ನು ಬೇರ್ಪಡಿಸಿ, ಪ್ರತಿ ಮೊತ್ತಕ್ಕೂ ಷರತ್ತನ್ನು ಹೊಂದಿಸಿ

ನೋಟಿಸ್ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದರೂ ನಿಮ್ಮ ಉತ್ತರ ಸೇರಿಸಬಾರದು. 739ನೇ ಸುತ್ತೋಲೆ ಮಾತಾಡುವುದು ಸಂಬಳದ ಬಗ್ಗೆ. ಬಡ್ಡಿಗೆ ಬೇಕಾದದ್ದು ಪತ್ರದ ಅನುಮತಿ, ಅದರ ಷರತ್ತಿನ ಪಾಲನೆ ಮತ್ತು ಶೇ. 12ರ ಮಿತಿ. ಒಂದು ದುರ್ಬಲವಾದರೆ ಇನ್ನೊಂದು ತಾನಾಗಿ ಬೀಳುವುದಿಲ್ಲ.

ನಮ್ಮ ಉದಾಹರಣೆಯ ಪತ್ರದಲ್ಲಿ, 40(ಬಿ)ಯ ಗರಿಷ್ಠ ಮಿತಿಯವರೆಗಿನ ಸಂಬಳವನ್ನು ಹೆಸರಿಸಿದ ಇಬ್ಬರು ದುಡಿಯುವ ಪಾಲುದಾರರಿಗೆ ಸಮನಾಗಿ ಕೊಡತಕ್ಕದ್ದು, ಅವರು ಒಪ್ಪಿ ಅದಕ್ಕಿಂತ ಕಡಿಮೆ ಪಡೆಯಬಹುದು ಎಂದಿದೆ. ಮೊದಲು ಮಿತಿಯ ಲೆಕ್ಕ: ಲಾಭ 3,20,000ಕ್ಕೆ ಸಂಬಳ 6,00,000 ಕೂಡಿಸಿದರೆ ಬುಕ್ ಪ್ರಾಫಿಟ್ 9,20,000. ಆ ವರ್ಷದ ಸೂತ್ರದಂತೆ ಮೊದಲ 3,00,000ಕ್ಕೆ ಶೇ. 90, ಅಂದರೆ 2,70,000. ಉಳಿದ 6,20,000ಕ್ಕೆ ಶೇ. 60, ಅಂದರೆ 3,72,000. ಒಟ್ಟು ಮಿತಿ 6,42,000. ಕೊಟ್ಟಿರುವುದು 6,00,000. ಅಧಿಕಾರಿ ಹಿಡಿಯುವ ಎಳೆ ‘ಒಪ್ಪಿ ಕಡಿಮೆ ಪಡೆಯಬಹುದು’ ಎಂಬ ಪದಗಳದ್ದು. ಮೊತ್ತವನ್ನು ನಿರ್ಧರಿಸುವುದು ಸೂತ್ರ, ಒಪ್ಪಿಗೆ ಅದನ್ನು ಇಳಿಸಬಲ್ಲದೇ ಹೊರತು ಏರಿಸಲಾರದು ಎಂಬುದು ಇದಕ್ಕೆ ಉತ್ತರ. ಇಳಿಸಿಕೊಂಡಿದ್ದಕ್ಕೆ ಆ ವರ್ಷದೊಳಗೇ ಬರೆದ ಒಪ್ಪಿಗೆ ಪತ್ರ ಇದ್ದರೆ ಲಗತ್ತಿಸಿ.

ಬಡ್ಡಿಯಲ್ಲಿ ಬೇರೆ ಕಥೆ ಇದೆ. ಪತ್ರ ‘ಬಂಡವಾಳ ಖಾತೆಯ ಮೇಲೆ ವಾರ್ಷಿಕ ಶೇ. 12ರ ಸರಳ ಬಡ್ಡಿ’ ಎನ್ನುತ್ತದೆ. ಲೆಡ್ಜರ್ ತೆರೆದು ನೋಡಿದರೆ 2,40,000ದಲ್ಲಿ 1,92,000 ರೂಪಾಯಿ 16,00,000 ಬಂಡವಾಳದ ಮೇಲಿನದು. ಉಳಿದ 48,000 ರೂಪಾಯಿ ಮೂರನೆಯ ಪಾಲುದಾರರು ಬೇರೆಯಾಗಿ ಕೊಟ್ಟ 4,00,000 ರೂಪಾಯಿ ಸಾಲದ ಮೇಲಿನದು. ಪಾಲುದಾರರ ಸಾಲಕ್ಕೆ ಬಡ್ಡಿ ಕೊಡಬೇಕೆಂದು ಪತ್ರ ಎಲ್ಲೂ ಹೇಳಿಲ್ಲ. ಬಂಡವಾಳದ ಬಡ್ಡಿ ಮೂರನೆಯವರಿಗೂ ಸಲ್ಲುತ್ತದೆ, ಏಕೆಂದರೆ ದುಡಿಯುವ ಪಾಲುದಾರನಾಗಿರಬೇಕೆಂಬ ಷರತ್ತು ಇರುವುದು ಸಂಬಳಕ್ಕೆ, ಬಡ್ಡಿಗಲ್ಲ. ಆದರೆ ಈ 48,000ವನ್ನು ಸಮರ್ಥಿಸಲು ನಿಂತರೆ ಉಳಿದ ಗಟ್ಟಿ ವಾದದ ಮೇಲೂ ಅನುಮಾನ ಬರುತ್ತದೆ. ಅದನ್ನು ಬಿಟ್ಟುಕೊಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಿಟ್ಟುಕೊಟ್ಟರೆ ಬೀಳುವ ತೆರಿಗೆ, ಸೆಸ್ ಸೇರಿ, 14,976 ರೂಪಾಯಿ. ಉಳಿಸಿಕೊಳ್ಳಲು ಹೊರಟಿರುವುದು ಎರಡೂವರೆ ಲಕ್ಷದ ಹತ್ತಿರ.

5. ಉತ್ತರದ ಮುಖ್ಯ ಭಾಗವನ್ನು ಬರೆಯಿರಿ

ಷರತ್ತನ್ನು ಸಾರಾಂಶ ಮಾಡಬೇಡಿ, ಇದ್ದಂತೆಯೇ ಉದ್ಧರಿಸಿ, ಪುಟ ಮತ್ತು ಕಂಡಿಕೆ ಸಂಖ್ಯೆ ಕೊಡಿ. ಪತ್ರ ಕನ್ನಡದಲ್ಲಿದ್ದರೆ, ಮುಖರಹಿತ ವ್ಯವಸ್ಥೆಯಲ್ಲಿ ಅದನ್ನು ಓದುವ ಅಧಿಕಾರಿ ದೇಶದ ಯಾವ ಊರಿನಲ್ಲಾದರೂ ಇರಬಹುದಾದ್ದರಿಂದ, ಪಾಲುದಾರರು ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಿ. ಅನುವಾದದಲ್ಲಿ ‘ಕೊಡತಕ್ಕದ್ದು’ ಎಂಬುದು ‘ಕೊಡಬಹುದು’ ಎಂದಾಗದಂತೆ ಎಚ್ಚರವಹಿಸಿ. ವಾದ ನಿಂತಿರುವುದೇ ಅಂಥ ಕ್ರಿಯಾಪದದ ಮೇಲೆ. ಉತ್ತರದ ತಿರುಳು ಹೀಗಿರಬಹುದು:

“ಪತ್ರದ 8ನೇ ಕಂಡಿಕೆಯು ದುಡಿಯುವ ಪಾಲುದಾರರನ್ನು ಹೆಸರಿಸಿದೆ, ಸಂಬಳವನ್ನು ಲೆಕ್ಕ ಹಾಕುವ ವಿಧಾನವನ್ನು 40(ಬಿ) ಸೆಕ್ಷನ್‌ನ ಸೂತ್ರದ ಮೂಲಕ ನಿಗದಿಪಡಿಸಿದೆ ಮತ್ತು ಅದರ ಹಂಚಿಕೆ ಸಮಪಾಲು ಎಂದು ಹೇಳಿದೆ. 739ನೇ ಸುತ್ತೋಲೆ ಕೇಳುವುದು ಮೊತ್ತ ಅಥವಾ ವಿಧಾನ ಎರಡರಲ್ಲಿ ಒಂದನ್ನು. ಲಗತ್ತು 3ರ ಲೆಕ್ಕದಂತೆ ಮಿತಿ ರೂ. 6,42,000, ಪಾವತಿಸಿದ್ದು ರೂ. 6,00,000. ಬಂಡವಾಳದ ಮೇಲಿನ ರೂ. 1,92,000 ಬಡ್ಡಿಗೆ 9ನೇ ಕಂಡಿಕೆ ದರ ಸಹಿತ ಅನುಮತಿ ನೀಡಿದೆ. ಸಾಲದ ಖಾತೆಯ ಮೇಲಿನ ರೂ. 48,000ಕ್ಕೆ ಪತ್ರದಲ್ಲಿ ಅನುಮತಿ ಇಲ್ಲದಿರುವುದನ್ನು ಸಂಸ್ಥೆ ಒಪ್ಪುತ್ತದೆ.”

ಇಷ್ಟಕ್ಕೆ ಬೇಕಾದ ಲಗತ್ತುಗಳು ಹೆಚ್ಚಿಲ್ಲ: ಪತ್ರ, ಲಾಭ-ನಷ್ಟದ ಪಟ್ಟಿ, ಮೇಲಿನ ಲೆಕ್ಕದ ಹಾಳೆ, ಪಾಲುದಾರರ ಬಂಡವಾಳ ಮತ್ತು ಸಾಲದ ಖಾತೆಗಳು, ಪಾಲುದಾರರ ರಿಟರ್ನ್‌ಗಳು. ಇಬ್ಬರು ನಿಜವಾಗಿ ದುಡಿಯುವವರೆಂದು ತೋರಿಸಲು ಬ್ಯಾಂಕ್ ಸಹಿ ಅಧಿಕಾರ, ಜಿಎಸ್‌ಟಿ ಅಧಿಕೃತ ಸಹಿದಾರರ ದಾಖಲೆ, ಖರೀದಿ ಆದೇಶಗಳ ಮೇಲಿನ ಸಹಿ ಸಾಕು. ಸಂಸ್ಥೆಗೆ ತೆರಿಗೆ ಆಡಿಟ್ ಆಗಿದ್ದರೆ 3ಸಿಡಿ ನಮೂನೆಯ 21(ಸಿ) ಕಂಡಿಕೆಯನ್ನು ಕಳುಹಿಸುವ ಮುನ್ನ ಓದಿ. 40(ಬಿ) ಅಡಿ ಅಮಾನ್ಯವಾಗುವ ಮೊತ್ತವನ್ನು ಲೆಕ್ಕಪರಿಶೋಧಕರು ತೋರಿಸುವ ಜಾಗ ಅದು; ಅಲ್ಲಿ ಒಂದು ಅಂಕಿ, ಉತ್ತರದಲ್ಲಿ ಇನ್ನೊಂದು ಇದ್ದರೆ ಕಾರಣ ವಿವರಿಸಬೇಕಾಗುತ್ತದೆ. ಷೋಕಾಸ್ ಹಂತದಲ್ಲಿದ್ದರೆ ವಿಡಿಯೊ ಮೂಲಕ ಮಾತಾಡುವ ಅವಕಾಶವನ್ನು ಉತ್ತರದಲ್ಲೇ ಕೇಳಿ.

6. ಪರ್ಯಾಯ ಕೋರಿಕೆಯನ್ನು ಮರೆಯಬೇಡಿ

ಹೆಚ್ಚಿನ ಉತ್ತರಗಳಲ್ಲಿ ಬಿಟ್ಟುಹೋಗುವ ಭಾಗ ಇದು. ಪಾಲುದಾರನಿಗೆ ಸಿಗುವ ಸಂಬಳ, ಬಡ್ಡಿ 28(v) ಸೆಕ್ಷನ್‌ನಡಿ ಅವನ ವ್ಯಾಪಾರದ ಆದಾಯ. ಆದರೆ ಸಂಸ್ಥೆಯಲ್ಲಿ 40(ಬಿ) ಅಡಿ ಎಷ್ಟು ಅಮಾನ್ಯವಾಯಿತೋ ಅಷ್ಟನ್ನು ಪಾಲುದಾರನ ಆದಾಯದಿಂದ ಸರಿಹೊಂದಿಸಬೇಕೆಂದು ಅದೇ ಸೆಕ್ಷನ್‌ನ ಪರಂತುಕ, ಅಂದರೆ ‘ಆದರೆ’ ಎಂದು ಆರಂಭವಾಗುವ ವಿನಾಯಿತಿ ವಾಕ್ಯ, ಹೇಳುತ್ತದೆ. ಒಂದೇ ಹಣಕ್ಕೆ ಎರಡು ಕಡೆ ತೆರಿಗೆ ಬೀಳಬಾರದೆಂಬುದು ಉದ್ದೇಶ. ಆದ್ದರಿಂದ ಯಾವುದೇ ಭಾಗ ಅಮಾನ್ಯವಾದರೆ, ಯಾವ ಪಾಲುದಾರನಿಗೆ ಸೇರಿದ ಎಷ್ಟು ಮೊತ್ತ ಎಂಬುದನ್ನು ಆದೇಶದಲ್ಲಿ ಹೆಸರು ಸಹಿತ ದಾಖಲಿಸುವಂತೆ ಕೇಳಿ. ಆ ವಾಕ್ಯವಿದ್ದರೆ ಪಾಲುದಾರರು ತಮ್ಮ ತಿದ್ದುಪಡಿ ಅರ್ಜಿಗೆ ಅದನ್ನೇ ಆಧಾರ ಮಾಡಬಹುದು. ಸಂಬಳಕ್ಕೆ 155(1ಎ) ಸೆಕ್ಷನ್ ನಾಲ್ಕು ವರ್ಷಗಳ ಕಾಲಾವಕಾಶ ಕೊಡುತ್ತದೆ. ಅದು ಬಡ್ಡಿಯನ್ನು ಹೆಸರಿಸದ ಕಾರಣ ಬಡ್ಡಿಗೆ ಪರಂತುಕವನ್ನೇ ಆಧರಿಸಿ, ತಡ ಮಾಡದೆ ಅರ್ಜಿ ಹಾಕಬೇಕು.

ಜೊತೆಗೆ, ಎಲ್ಲ ಸಂಗತಿಗಳೂ ರಿಟರ್ನ್ ಮತ್ತು ಲೆಕ್ಕಗಳಲ್ಲಿ ಇದ್ದವು, ಭಿನ್ನಾಭಿಪ್ರಾಯ ಇರುವುದು ಷರತ್ತಿನ ಅರ್ಥದ ಬಗ್ಗೆ ಮಾತ್ರ, ಹೀಗಾಗಿ 270ಎ ಅಡಿ ಆದಾಯ ಕಡಿಮೆ ತೋರಿಸಿದ್ದಕ್ಕೆ ದಂಡದ ಕ್ರಮ ಬೇಡ ಎಂದು ಒಂದು ಪ್ಯಾರಾ ಸೇರಿಸಿ.

7. ಆದೇಶ ವಿರುದ್ಧವಾಗಿ ಬಂದರೆ

ಆದೇಶ ತಲುಪಿದ 30 ದಿನಗಳೊಳಗೆ ನಮೂನೆ 35ರಲ್ಲಿ ಆಯುಕ್ತರಿಗೆ (ಅಪೀಲು) ಮೇಲ್ಮನವಿ ಸಲ್ಲಿಸಿ. ಉತ್ತರದಲ್ಲಿ ಷರತ್ತನ್ನು ಉದ್ಧರಿಸಿ ಲೆಕ್ಕ ಕೊಟ್ಟಿದ್ದರೆ ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯದ ತಕರಾರು ಏಳುವುದಿಲ್ಲ. ಬೇಡಿಕೆಯ ವಸೂಲಿಗೆ ತಡೆ ಕೋರುವಾಗ ಸಾಮಾನ್ಯವಾಗಿ ಶೇ. 20ರಷ್ಟು ಕಟ್ಟಲು ಹೇಳುತ್ತಾರೆ; ಅಷ್ಟು ಹಣವನ್ನು ಅಂದಾಜಿನಲ್ಲಿ ಇಟ್ಟುಕೊಂಡಿರಿ.

8. ಮುಂದಿನ ವರ್ಷಗಳಿಗಾಗಿ ಪತ್ರವನ್ನು ಸರಿಪಡಿಸಿ

ಹೊಸ ಪತ್ರ ಹಿಂದಿನದನ್ನು ಉಳಿಸದಿದ್ದರೂ ಅದರ ದಿನಾಂಕದಿಂದ ಮುಂದಿನದನ್ನು ಉಳಿಸುತ್ತದೆ. ಅದರಲ್ಲಿ ದುಡಿಯುವ ಪಾಲುದಾರರ ಹೆಸರು, ‘ಆಯಾ ವರ್ಷ ಜಾರಿಯಲ್ಲಿರುವ ಕಾಯ್ದೆಯ ಗರಿಷ್ಠ ಮಿತಿಯಷ್ಟು’ ಎಂಬ ಅಂಕಿ ಇಲ್ಲದ ಸೂತ್ರ, ಅವರ ನಡುವಿನ ಹಂಚಿಕೆಯ ಪ್ರಮಾಣ, ಬಂಡವಾಳ, ಚಾಲ್ತಿ ಮತ್ತು ಸಾಲದ ಖಾತೆ ಮೂರಕ್ಕೂ ಬಡ್ಡಿ ದರ ಇರಲಿ. ಕಡಿಮೆ ಪಡೆಯುವ ಅವಕಾಶ ಬೇಕಿದ್ದರೆ ಅದನ್ನು ವರ್ಷ ಮುಗಿಯುವ ಮುನ್ನ ಲಿಖಿತವಾಗಿ ನಿರ್ಧರಿಸತಕ್ಕದ್ದು ಎಂದು ಸೇರಿಸಿ. 2025ರ ಏಪ್ರಿಲ್ 1ರಿಂದ ಪಾಲುದಾರನೊಬ್ಬನಿಗೆ ವರ್ಷದಲ್ಲಿ ಕೊಡುವ ಸಂಬಳ, ಬಡ್ಡಿ ಒಟ್ಟು 20,000 ರೂಪಾಯಿ ದಾಟಿದರೆ 194ಟಿ ಅಡಿ ಶೇ. 10ರ ಟಿಡಿಎಸ್ ಮುರಿಯಬೇಕಾಗಿ ಬಂದಿರುವುದರಿಂದ, ಪಾವತಿಯ ದಿನಾಂಕ ಮತ್ತು ಮೊತ್ತ ಎರಡೂ ಇಲಾಖೆಯ ಕಣ್ಣಿಗೆ ವರ್ಷದ ನಡುವೆಯೇ ಬೀಳುತ್ತವೆ. ಹೊಸ ಪತ್ರಕ್ಕೆ ಸಹಿಯಾದ ದಿನದ ನಂತರವೇ ಹೊಸ ದರದ ಜಮಾ ನಮೂದುಗಳನ್ನು ಹಾಕಿ.